ಕಬ್ಬು, ಕರೆಂಟು ಮತ್ತು ಕೊನೆಯಿಲ್ಲದ ಕೂಡಿಕೆ

ಆಲಮೇಲದ ಸುತ್ತಮುತ್ತ ಕಬ್ಬು ಬೆಳೆಯಲು ನೀರು ಬೇಕು. ನೀರು ಎತ್ತಲು ಕರೆಂಟು ಬೇಕು. ಆ ಕರೆಂಟಿನ ಒಂದು ಪಾಲು ಸಕ್ಕರೆ ಕಾರ್ಖಾನೆಗಳಲ್ಲೇ ಹುಟ್ಟುತ್ತದೆ, ಅದೂ ಕಬ್ಬಿನ ಸಿಪ್ಪೆಯನ್ನು ಉರಿಸಿ. ಅಂದರೆ ಕರೆಂಟು ತಯಾರಾಗಲು ಕಬ್ಬು ಬೇಕು, ಕಬ್ಬು ಬೆಳೆಯಲು ಕರೆಂಟು ಬೇಕು. ಇದರ ಮೇಲೆ, ಕಬ್ಬು ನಾಟಿ ಮಾಡಲು ಕಬ್ಬೇ ಬೀಜವಾಗಬೇಕು. ಕಾರ್ಖಾನೆಯ ಗಾಣ, ಬಾಯ್ಲರ್, ಪಂಪುಗಳು ತಿರುಗಲು ಕಾರ್ಖಾನೆಯದೇ ಕರೆಂಟು ಖರ್ಚಾಗಬೇಕು. ಹಾಗಾದರೆ ಊರಿಗೆ 10,000 ಯೂನಿಟ್ ಕೊಡಬೇಕೆಂದು ಹೊರಟರೆ, ಒಟ್ಟು ಎಷ್ಟು ಟನ್ ಕಬ್ಬು ಬೆಳೆಯಬೇಕು?

ಈ ಪ್ರಶ್ನೆಗೆ ಉತ್ತರ ಹುಡುಕಲು ಎರಡು ದಾರಿಗಳಿವೆ. ಒಂದು, ಬೇಡಿಕೆಯಿಂದ ಹೊರಟು ಸುತ್ತು ಸುತ್ತಾಗಿ ಕೂಡುತ್ತಾ ಹೋಗುವುದು: ಕರೆಂಟಿಗೆ ಬೇಕಾದ ಕಬ್ಬು, ಆ ಕಬ್ಬಿಗೆ ಬೇಕಾದ ಕರೆಂಟು, ಆ ಕರೆಂಟಿಗೆ ಮತ್ತೆ ಕಬ್ಬು, ಹೀಗೆ ಕೊನೆಯಿಲ್ಲದೆ. ಇನ್ನೊಂದು, ಎರಡು ಸಮೀಕರಣ ಬರೆದು ಒಂದೇ ಏಟಿಗೆ ಬಿಡಿಸುವುದು. ಎರಡೂ ಒಂದೇ ಉತ್ತರ ಕೊಡಬೇಕು ಎಂದು ಮನಸ್ಸು ಹೇಳುತ್ತದೆ. ಆದರೆ ಯಾವಾಗಲೂ ಕೊಡುವುದಿಲ್ಲ. ಯಾವಾಗ ಕೊಡುತ್ತವೆ, ಯಾವಾಗ ಕೊಡುವುದಿಲ್ಲ, ಅದನ್ನು ಮೊದಲೇ ತಿಳಿಯುವುದು ಹೇಗೆ ಎಂಬುದೇ ಈ ಲೇಖನದ ವಿಷಯ. ಕೆಳಗಿನ ಲೆಕ್ಕದಲ್ಲಿ ಅದನ್ನು ತೀರ್ಮಾನಿಸುವುದು ನೀರನ್ನು ಎಷ್ಟು ಆಳದಿಂದ ಎತ್ತುತ್ತೇವೆ ಎಂಬ ಒಂದೇ ಸಂಗತಿ.

ಒಂದು ಟನ್ ಕಬ್ಬಿಗೆ ಎಷ್ಟು ಕರೆಂಟು?

ಮೊದಲು ಅಂಕಿಗಳನ್ನು ಕಟ್ಟಿಕೊಳ್ಳೋಣ. ಇವು ಒಂದು ಹೊಲದ ಅಳತೆಗಳಲ್ಲ. ಸಾಮಾನ್ಯವಾಗಿ ಕಾಣುವ ಮಟ್ಟಕ್ಕೆ ಹತ್ತಿರವಾಗುವಂತೆ, ಕೈಲೆಕ್ಕಕ್ಕೆ ಸುಲಭವಾಗುವಂತೆ ಆರಿಸಿಕೊಂಡವು. ಎಕರೆಗೆ 40 ಟನ್ ಇಳುವರಿ ಎಂದಿಟ್ಟುಕೊಳ್ಳಿ. ನಾಟಿಗೆ ಎಕರೆಗೆ ಸುಮಾರು 4 ಟನ್ ಬೀಜದ ಕಬ್ಬು. ಹಾಗಾಗಿ 1 ಟನ್ ಬೆಳೆಗೆ 0.1 ಟನ್ ಕಬ್ಬು ಬೀಜವಾಗಿಯೇ ಹೋಗುತ್ತದೆ.

ಇನ್ನು ನೀರು. ಮಳೆಯನ್ನು ಬಿಟ್ಟು ಎಕರೆಗೆ 60 ಲಕ್ಷ ಲೀಟರ್ ಎತ್ತಿ ಹಾಯಿಸಬೇಕು ಎಂದುಕೊಳ್ಳೋಣ. ಹೊಲದ ತುಂಬ ಹರಡಿದರೆ ಅದು ಒಂದೂವರೆ ಮೀಟರ್ ಎತ್ತರದ ನೀರು. 1,000 ಲೀಟರ್ ನೀರನ್ನು 367 ಮೀಟರ್ ಮೇಲೆತ್ತಿದರೆ ಅದು ಸರಿಯಾಗಿ ಒಂದು ಯೂನಿಟ್ ವಿದ್ಯುತ್ತಿನ ಕೆಲಸ. ಆದರೆ ಪಂಪು, ಮೋಟಾರು, ಪೈಪಿನಲ್ಲಿ ನಷ್ಟವಾಗಿ, ಮೀಟರ್‌ನಲ್ಲಿ ಓಡಿದ ಕರೆಂಟಿನಲ್ಲಿ ಶೇ 40ರಷ್ಟು ಮಾತ್ರ ನೀರಿನ ಎತ್ತರವಾಗಿ ಉಳಿಯುತ್ತದೆ ಎಂದು ಹಿಡಿಯೋಣ. ನೀರು 20 ಮೀಟರ್ ಕೆಳಗಿದ್ದರೆ 6,000ವನ್ನು 20ರಿಂದ ಗುಣಿಸಿ 367ರಿಂದ ಭಾಗಿಸಿ, ಮತ್ತೆ 0.4ರಿಂದ ಭಾಗಿಸಬೇಕು. ಎಕರೆಗೆ ಸುಮಾರು 817 ಯೂನಿಟ್ ಬರುತ್ತದೆ. ಅದನ್ನು 40 ಟನ್ನಿಗೆ ಹಂಚಿದರೆ ಟನ್ನಿಗೆ ಸುಮಾರು 20 ಯೂನಿಟ್. ನೆನಪಿಡಲು ಸುಲಭವಾದ ಸೂತ್ರವೇ ಸಿಕ್ಕಿತು: ನೀರನ್ನು ಎಷ್ಟು ಮೀಟರ್ ಎತ್ತುತ್ತೇವೆಯೋ, ಟನ್ ಕಬ್ಬಿಗೆ ಹೆಚ್ಚುಕಡಿಮೆ ಅಷ್ಟೇ ಯೂನಿಟ್. ಇಲ್ಲಿ ಎಣಿಕೆಗೆ ಬರುವುದು ಬೋರ್ ಕೊರೆದ ಆಳವಲ್ಲ, ಪಂಪು ನಡೆಯುತ್ತಿರುವಾಗ ನೀರು ನಿಲ್ಲುವ ಮಟ್ಟ.

ಕಾರ್ಖಾನೆಯ ಕಡೆಗೆ ಬರೋಣ. 1 ಟನ್ ಕಬ್ಬು ನುರಿಸಿದರೆ ಸುಮಾರು 300 ಕಿಲೋ ಸಿಪ್ಪೆ ಸಿಗುತ್ತದೆ, ಅದರಲ್ಲಿ ಅರ್ಧದಷ್ಟು ತೇವ. ಹೆಚ್ಚಿನ ಒತ್ತಡದ ಬಾಯ್ಲರ್ ಇರುವಲ್ಲಿ ಅದರಿಂದ 100 ಯೂನಿಟ್ ಉತ್ಪಾದನೆ ಎಂದು ಹಿಡಿಯೋಣ. ಅದರಲ್ಲಿ 30 ಯೂನಿಟ್ ಕಾರ್ಖಾನೆಯ ಸ್ವಂತ ಬಳಕೆಗೆ ಹೋಗಲಿ. ಬರವಣಿಗೆ ಹಗುರಾಗಲೆಂದು 100 ಯೂನಿಟ್ಟಿಗೆ ಒಂದು ಕಟ್ಟು ಎಂದು ಕರೆಯುತ್ತೇನೆ. ಆಗ 1 ಕಟ್ಟು ಕರೆಂಟಿಗೆ 1 ಟನ್ ಕಬ್ಬು ಮತ್ತು 0.3 ಕಟ್ಟು ಕರೆಂಟು ಬೇಕು. 20 ಮೀಟರ್ ಆಳದ ನೀರಾದರೆ 1 ಟನ್ ಕಬ್ಬಿಗೆ 0.1 ಟನ್ ಕಬ್ಬು ಮತ್ತು 0.2 ಕಟ್ಟು ಕರೆಂಟು ಬೇಕು.

ಈ ನಾಲ್ಕು ಅಂಕಿಗಳನ್ನು ಎರಡು ಅಡ್ಡಸಾಲು, ಎರಡು ಕಂಬಸಾಲುಗಳಲ್ಲಿ ಬರೆದರೆ ಅದೇ ನಮ್ಮ ವರ್ಗ ಮಾತೃಕೆ.

```
A = | 0.1   1.0 |
    | 0.2   0.3 |
```

ಮೊದಲ ಕಂಬಸಾಲು ಒಂದು ಟನ್ ಕಬ್ಬಿನ ಖರ್ಚು, ಎರಡನೆಯದು ಒಂದು ಕಟ್ಟು ಕರೆಂಟಿನ ಖರ್ಚು. ಮೇಲಿನ ಸಾಲು ಕಬ್ಬಿನ ಖಾತೆ, ಕೆಳಗಿನದು ಕರೆಂಟಿನ ಖಾತೆ. ಒಂದು ಇಡೀ ದೇಶದ ಉದ್ಯಮಗಳನ್ನು ಹೀಗೆ ಕೋಷ್ಟಕದಲ್ಲಿ ಕೂರಿಸುವ ವಿಧಾನವನ್ನು ವಾಸಿಲಿ ಲಿಯೊಂಟಿಫ್ 1936ರಲ್ಲಿ ಮಂಡಿಸಿದರು. 1973ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು. ಅವರ ಕೋಷ್ಟಕದಲ್ಲಿ ಹತ್ತಾರು ಉದ್ಯಮಗಳಿದ್ದವು, ನಮ್ಮದರಲ್ಲಿ ಎರಡೇ. ತತ್ವ ಒಂದೇ.

ಸುತ್ತು ಸುತ್ತಾಗಿ ಕೂಡಿದರೆ

ಊರಿಗೆ 10,000 ಯೂನಿಟ್, ಅಂದರೆ 100 ಕಟ್ಟು ಕೊಡಬೇಕು. ಹೊರಗೆ ಕಬ್ಬು ಕೊಡಬೇಕಿಲ್ಲ. ಹಾಗಾಗಿ ಬೇಡಿಕೆ (0, 100): ಕಬ್ಬು ಸೊನ್ನೆ, ಕರೆಂಟು ನೂರು.

ಆ 100 ಕಟ್ಟು ತಯಾರಿಸಲು 100 ಟನ್ ಕಬ್ಬು, 30 ಕಟ್ಟು ಕರೆಂಟು ಬೇಕು. ಇದು ಮೊದಲ ಸುತ್ತು. ಈ 100 ಟನ್ ಕಬ್ಬಿಗೆ 10 ಟನ್ ಬೀಜ, 20 ಕಟ್ಟು ಕರೆಂಟು. ಆ 30 ಕಟ್ಟಿಗೆ 30 ಟನ್ ಕಬ್ಬು, 9 ಕಟ್ಟು ಕರೆಂಟು. ಎರಡನೆಯ ಸುತ್ತಿನಲ್ಲಿ ಒಟ್ಟು 40 ಟನ್, 29 ಕಟ್ಟು. ಮುಂದೆ 33 ಟನ್, 16.7 ಕಟ್ಟು. ಆಮೇಲೆ 20 ಟನ್, 11.6 ಕಟ್ಟು. ಐದನೆಯದು 13.6 ಮತ್ತು 7.5. ಆರನೆಯದು 8.8 ಮತ್ತು 5.

ಪ್ರತಿ ಸುತ್ತಿನಲ್ಲೂ ನಾವು ಮಾಡಿದ್ದು ಹಿಂದಿನ ಉತ್ತರವನ್ನು A ಎಂಬ ಮಾತೃಕೆಯಿಂದ ಗುಣಿಸುವ ಕೆಲಸ. ಎರಡನೆಯ ಸುತ್ತು ಎಂದರೆ ಬೇಡಿಕೆಯ ಮೇಲೆ A ಎರಡು ಸಲ ಕೆಲಸ ಮಾಡಿದೆ, ಅಂದರೆ A². ಘಾತಕ್ಕೆ ಇಲ್ಲಿ ಕಣ್ಣಿಗೆ ಕಾಣುವ ಅರ್ಥವಿದೆ. A²ರ ಕೆಳಗಿನ ಬಲ ಮೂಲೆಯ ಅಂಕಿ 0.29. ಅದು ಎರಡು ದಾರಿಗಳ ಮೊತ್ತ: ಕರೆಂಟಿನಿಂದ ಕಬ್ಬಿಗೆ ಹೋಗಿ ಮರಳಿ ಕರೆಂಟಿಗೆ ಬರುವ 0.20, ಕಾರ್ಖಾನೆಯೊಳಗೇ ಎರಡು ಸಲ ಸುತ್ತುವ 0.09. ಹೀಗೆ Aⁿ ಎಂದರೆ n ಹೆಜ್ಜೆಗಳ ಎಲ್ಲ ದಾರಿಗಳ ಒಟ್ಟು ಲೆಕ್ಕ. ಈ ಸುತ್ತುಗಳನ್ನು ವರ್ಷಗಳೆಂದು ತಿಳಿಯಬಾರದು. ಇವು ಖರ್ಚಿನ ಬೆನ್ನಿಗಿರುವ ಖರ್ಚನ್ನು ಬಿಡಿಸುವ ಹಂತಗಳು ಮಾತ್ರ.

ಆರು ಸುತ್ತುಗಳವರೆಗೆ ಕೂಡಿದರೆ 215.4 ಟನ್ ಕಬ್ಬು, ಬೇಡಿಕೆಯ 100ನ್ನೂ ಸೇರಿಸಿ 199.8 ಕಟ್ಟು ಕರೆಂಟು. ಸುತ್ತುಗಳು ಕುಗ್ಗುತ್ತಿವೆ, ಆದರೆ ನಿಂತಿಲ್ಲ. ಪೂರ್ತಿ ಮೊತ್ತ ಎಷ್ಟು?

ಒಂದೇ ಏಟಿನ ದಾರಿ

ಒಟ್ಟು ಉತ್ಪಾದನೆಯನ್ನು x ಎನ್ನೋಣ. ಉತ್ಪಾದನೆಯಲ್ಲಿ ಒಳಖರ್ಚು Ax ಹೋಗಿ ಉಳಿದದ್ದು ಬೇಡಿಕೆ d ಆಗಬೇಕು. ಅಂದರೆ x − Ax = d, ಅಥವಾ (I − A)x = d. ಇಲ್ಲಿ I ತತ್ಸಮ ಮಾತೃಕೆ, ಸಂಖ್ಯೆಗಳಲ್ಲಿ 1 ಮಾಡುವ ಕೆಲಸವನ್ನೇ ಮಾತೃಕೆಗಳಲ್ಲಿ ಮಾಡುವಂಥದ್ದು. I − Aಗೆ ವಿಲೋಮ ಇದ್ದರೆ ಉತ್ತರ ಕೂಡಲೇ ಸಿಗುತ್ತದೆ.

```
I − A = |  0.9  −1.0 |
        | −0.2   0.7 |

ನಿರ್ಧಾರಕ = 0.9 × 0.7 − 1.0 × 0.2 = 0.43

x = (100/0.43, 90/0.43) = (232.6, 209.3)
```

ಒಟ್ಟು 232.6 ಟನ್ ಕಬ್ಬು, 209.3 ಕಟ್ಟು ಕರೆಂಟು. ಇದನ್ನು ತಾಳೆ ನೋಡಬಹುದು: ಬೀಜಕ್ಕೆ 23.3 ಟನ್, ಕಾರ್ಖಾನೆಗೆ 209.3 ಟನ್, ಕೂಡಿದರೆ 232.6. ನೀರಿಗೆ 46.5 ಕಟ್ಟು, ಕಾರ್ಖಾನೆಗೆ 62.8, ಊರಿಗೆ 100, ಕೂಡಿದರೆ 209.3. ಆರು ಸುತ್ತುಗಳ ಕೂಡಿಕೆ ಈ ಉತ್ತರದಿಂದ 17 ಟನ್ ಮಾತ್ರ ದೂರದಲ್ಲಿತ್ತು. ಕೂಡುತ್ತಾ ಹೋದರೆ ಅಲ್ಲಿಗೇ ಬಂದು ಸೇರುತ್ತದೆ. ಗಣಿತದ ಭಾಷೆಯಲ್ಲಿ ಹೇಳಿದರೆ:

```
(I − A)⁻¹ = I + A + A² + A³ + …
```

ಇದನ್ನು ನಾಯ್ಮನ್ ಶ್ರೇಣಿ ಎನ್ನುತ್ತಾರೆ. ಜರ್ಮನಿಯ ಕಾರ್ಲ್ ನಾಯ್ಮನ್ 1877ರಲ್ಲಿ ಪ್ರಕಟಿಸಿದ ವಿಭವ ಸಿದ್ಧಾಂತದ ಪುಸ್ತಕದಲ್ಲಿ ಈ ಬಗೆಯ ಕೂಡಿಕೆಯನ್ನು ಬಳಸಿದ್ದರು. ಅದರ ಒಂಟಿ ಸಂಖ್ಯೆಯ ರೂಪ ನಮ್ಮ ನೆಲದಲ್ಲಿ ಬಹಳ ಹಳೆಯದು. ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಮಹಾವೀರಾಚಾರ್ಯ ಬರೆದ ‘ಗಣಿತಸಾರಸಂಗ್ರಹ’ದಲ್ಲಿ ಗುಣೋತ್ತರ ಶ್ರೇಢಿಯ ಮೊತ್ತ ಕಂಡುಹಿಡಿಯುವ ನಿಯಮಗಳಿವೆ. ಅಲ್ಲಿ ಪ್ರತಿ ಪದವನ್ನೂ ಒಂದು ಸಂಖ್ಯೆ ಗುಣಿಸುತ್ತದೆ. ಇಲ್ಲಿ ಒಂದು ಮಾತೃಕೆ ಗುಣಿಸುತ್ತದೆ.

ಸಮ ಚಿಹ್ನೆಯ ಹಿಂದೆ ಇರುವ ಷರತ್ತು

ಮೇಲಿನ ಸೂತ್ರದಲ್ಲಿ ಕೊನೆಯ ಮೂರು ಚುಕ್ಕಿಗಳೇ ಅಪಾಯದ ಜಾಗ. ಚುಕ್ಕಿಗಳಿಲ್ಲದೆ, n ಸುತ್ತುಗಳವರೆಗೆ ಮಾತ್ರ ಕೂಡಿ, ಆ ಮೊತ್ತವನ್ನು I − Aಯಿಂದ ಗುಣಿಸಿ ನೋಡಿ. ಮಧ್ಯದ ಪದಗಳೆಲ್ಲ ಒಂದನ್ನೊಂದು ಹೊಡೆದುಹಾಕಿ ಎರಡೇ ಉಳಿಯುತ್ತವೆ:

```
(I − A)(I + A + A² + … + Aⁿ) = I − Aⁿ⁺¹
```

ಈ ಸಾಲು ಯಾವ ವರ್ಗ ಮಾತೃಕೆಗಾದರೂ ನಿಜ, ಯಾವ ಷರತ್ತೂ ಬೇಡ. ಬಲಗಡೆ ಬರೀ I ಉಳಿಯಬೇಕಾದರೆ Aⁿ⁺¹ ಎಂಬ ಬಾಲ ಕರಗಿ ಸೊನ್ನೆಯತ್ತ ಸಾಗಬೇಕು. ಕರಗಿದರೆ ಶ್ರೇಣಿಯ ಮೊತ್ತವೇ ವಿಲೋಮ. ಕರಗದಿದ್ದರೆ ಶ್ರೇಣಿಗೆ ಮೊತ್ತವೇ ಇಲ್ಲ. ಆಗಲೂ ವಿಲೋಮ ತನ್ನ ಪಾಡಿಗೆ ತಾನು ಇರಬಹುದು, ಆದರೆ ಅದು ಆ ಕೂಡಿಕೆಯ ಉತ್ತರವಲ್ಲ.

ಬಾಲ ಕರಗುತ್ತದೆಯೇ ಎಂದು ತಿಳಿಯುವುದು ಐಗನ್ ಮೌಲ್ಯಗಳಿಂದ. ಕೆಲವು ವಿಶೇಷ ಅನುಪಾತದ ಬೇಡಿಕೆಗಳಿರುತ್ತವೆ. ಅವುಗಳ ಮೇಲೆ A ಕೆಲಸ ಮಾಡಿದಾಗ ಕಬ್ಬು ಮತ್ತು ಕರೆಂಟಿನ ಅನುಪಾತ ಬದಲಾಗದೆ ಇಡೀ ಬೇಡಿಕೆ ಒಂದು ಸಂಖ್ಯೆಯಿಂದ ಗುಣಿತವಾಗುತ್ತದೆ. ಆ ಸಂಖ್ಯೆಯೇ ಐಗನ್ ಮೌಲ್ಯ, ರೂಢಿಯಲ್ಲಿ λ. ಎಲ್ಲ ಐಗನ್ ಮೌಲ್ಯಗಳ ಗಾತ್ರ 1ಕ್ಕಿಂತ ಕಡಿಮೆ ಇದ್ದರೆ, ಇದ್ದರೆ ಮಾತ್ರ, ಘಾತಗಳು ಸೊನ್ನೆಯತ್ತ ಹೋಗುತ್ತವೆ. ಋಣ ಮೌಲ್ಯವಿದ್ದರೂ ಸಂಕೀರ್ಣ ಸಂಖ್ಯೆಯಿದ್ದರೂ ನೋಡಬೇಕಾದದ್ದು ಅದರ ಗಾತ್ರವನ್ನು ಮಾತ್ರ. ವಿಲೋಮ ಇರಲು ಬೇಕಾದ ಷರತ್ತು ಇದಕ್ಕಿಂತ ತುಂಬ ಸಡಿಲ: ಯಾವ ಐಗನ್ ಮೌಲ್ಯವೂ ಸರಿಯಾಗಿ 1 ಆಗಿರದಿದ್ದರೆ ಸಾಕು. ಈ ಎರಡು ಷರತ್ತುಗಳ ನಡುವಿನ ಅಂತರದಲ್ಲೇ ತಪ್ಪುಗಳು ಹುಟ್ಟುತ್ತವೆ.

ನಮ್ಮ ಲೆಕ್ಕದಲ್ಲಿ ಟನ್ ಕಬ್ಬಿಗೆ ನೀರಿನ ಕರೆಂಟು w ಕಟ್ಟು ಎಂದು ಬರೆದರೆ ಐಗನ್ ಮೌಲ್ಯಗಳು ಹೀಗೆ ಬರುತ್ತವೆ:

```
λ = 0.2 ± √(0.01 + w)
```

ನೀರು 20 ಮೀಟರ್‌ನಲ್ಲಿದ್ದಾಗ w = 0.2, ದೊಡ್ಡ ಮೌಲ್ಯ 0.658. ಸುತ್ತುಗಳು ಬರಬರುತ್ತ ಹಿಂದಿನದರ ಮೂರನೇ ಎರಡು ಪಾಲಿಗೆ ಇಳಿಯುತ್ತಿದ್ದುದು ಇದೇ ಕಾರಣಕ್ಕೆ: 13.6 ಟನ್ನಿನಿಂದ 8.8ಕ್ಕೆ, 7.5 ಕಟ್ಟಿನಿಂದ 5ಕ್ಕೆ.

ನೀರು ಕೆಳಗಿಳಿದಂತೆ

ಈಗ ನೀರಿನ ಮಟ್ಟ 60 ಮೀಟರಿಗೆ ಇಳಿಯಲಿ, ಅಂದರೆ ಸುಮಾರು 200 ಅಡಿ. w = 0.6. ನಿರ್ಧಾರಕ 0.63 − 0.6 = 0.03. ವಿಲೋಮದಿಂದ ಬರುವ ಉತ್ತರ 3,333 ಟನ್ ಕಬ್ಬು, 3,000 ಕಟ್ಟು ಕರೆಂಟು. ಊರಿಗೆ 10,000 ಯೂನಿಟ್ ಕೊಡಲು 3 ಲಕ್ಷ ಯೂನಿಟ್ ಉತ್ಪಾದಿಸಬೇಕು; ಉಳಿದದ್ದೆಲ್ಲ ತನ್ನನ್ನೇ ಸಾಕಿಕೊಳ್ಳುವ ಖರ್ಚು. ನೀರಿನ ಆಳ ಮೂರು ಪಟ್ಟಾಯಿತು, ಕಬ್ಬು ಹದಿನಾಲ್ಕು ಪಟ್ಟಿಗಿಂತ ಹೆಚ್ಚಾಯಿತು.

ಶ್ರೇಣಿ ಇಲ್ಲಿ ಇನ್ನೂ ನಿಜ, ಏಕೆಂದರೆ λ 0.981, ಒಂದಕ್ಕಿಂತ ಕಡಿಮೆ. ಆದರೆ ನೂರು ಸುತ್ತು ಕೂಡಿದರೂ ಮೊತ್ತದ ಸುಮಾರು ಶೇ 15 ಬಾಕಿ ಇರುತ್ತದೆ. ಹತ್ತು ಸುತ್ತು ಕೂಡಿ, ಇನ್ನು ಸೇರುವುದು ಚಿಲ್ಲರೆ ಎಂದು ಕೈಬಿಟ್ಟವರಿಗೆ ಸಿಗುವುದು ನಿಜ ಉತ್ತರದ ಒಂದು ಸಣ್ಣ ಚೂರು. ಅಂಚಿನ ಹತ್ತಿರ ಇನ್ನೊಂದು ತೊಂದರೆಯೂ ಇದೆ. ಟನ್ನಿಗೆ 60 ಯೂನಿಟ್ ಇದ್ದದ್ದು 62 ಆದರೆ ನಿರ್ಧಾರಕ 0.01ಕ್ಕೆ ಕುಸಿಯುತ್ತದೆ, ಕಬ್ಬು 3,333ರಿಂದ 10,000 ಟನ್ನಿಗೆ ಏರುತ್ತದೆ. ಪಂಪಿನ ಅಳತೆಯಲ್ಲಿ ಎರಡು ಯೂನಿಟ್ ಹೆಚ್ಚುಕಡಿಮೆಯಾಗುವುದು ಸಹಜ. ಹಾಗಾಗಿ ಈ ಅಂಚಿನಲ್ಲಿ ಸೂತ್ರ ಸರಿಯಿದ್ದರೂ ಉತ್ತರವನ್ನು ನೆಚ್ಚಿಕೊಳ್ಳುವಂತಿಲ್ಲ.

63 ಮೀಟರಿನಲ್ಲಿ w = 0.63. ನಿರ್ಧಾರಕ ಸೊನ್ನೆ, λ ಸರಿಯಾಗಿ 1, ವಿಲೋಮವೇ ಇಲ್ಲ. ಎಷ್ಟು ಕಬ್ಬು ಬೆಳೆದರೂ ಊರಿಗೆ ಕೊಡಲು ಒಂದು ಯೂನಿಟ್ಟೂ ಮಿಗುವುದಿಲ್ಲ.

ಇನ್ನೂ ಆಳಕ್ಕೆ, 80 ಮೀಟರಿಗೆ ಹೋಗೋಣ. w = 0.8. ಐಗನ್ ಮೌಲ್ಯಗಳು 1.1 ಮತ್ತು −0.7. ಎರಡೂ ಒಂದಲ್ಲ, ಆದ್ದರಿಂದ ವಿಲೋಮ ಮತ್ತೆ ಪ್ರತ್ಯಕ್ಷವಾಗುತ್ತದೆ. ಕಂಪ್ಯೂಟರಿಗೆ ಕೊಟ್ಟರೆ ಯಾವ ಎಚ್ಚರಿಕೆಯೂ ಇಲ್ಲದೆ ಉತ್ತರ ಕೊಡುತ್ತದೆ: ಕಬ್ಬು −588 ಟನ್, ಕರೆಂಟು −529 ಕಟ್ಟು. ಸಮೀಕರಣಕ್ಕೆ ಈ ಅಂಕಿಗಳು ಸರಿಹೊಂದುತ್ತವೆ. ಆದರೆ ಹೊಲದಲ್ಲಿ ಋಣ ಕಬ್ಬು ಬೆಳೆಯುವುದಿಲ್ಲ.

ಅದೇ ಲೆಕ್ಕವನ್ನು ಸುತ್ತುಗಳಲ್ಲಿ ಮಾಡಿದರೆ ರೋಗ ಬಯಲಾಗುತ್ತದೆ. ಕರೆಂಟಿನ ಬೇಡಿಕೆ 100ರಿಂದ ಶುರುವಾಗಿ ಸುತ್ತಿನಿಂದ ಸುತ್ತಿಗೆ 30, 89, 58.7, 92, 82, 103.6. ಆರನೆಯ ಸುತ್ತಿಗೆ ಆರಂಭದ ಬೇಡಿಕೆಯನ್ನೇ ದಾಟಿತು. ಏರಿಳಿತ ಅಡಗಿದ ಮೇಲೆ ಪ್ರತಿ ಸುತ್ತೂ ಹಿಂದಿನದಕ್ಕಿಂತ ಶೇ 10 ಹೆಚ್ಚಾಗುತ್ತಾ ಹೋಗುತ್ತದೆ. ಮೊದಲ ಸುತ್ತಿನಲ್ಲಿ 100 ಇದ್ದದ್ದು 30ಕ್ಕೆ ಇಳಿದದ್ದನ್ನು ನೋಡಿ ಇದು ಕುಗ್ಗುವ ಶ್ರೇಣಿ ಎಂದು ತೀರ್ಪು ಕೊಟ್ಟವರು ಮೋಸ ಹೋಗುತ್ತಿದ್ದರು. ಒಂದು ಸುತ್ತು ಏನನ್ನೂ ಸಾಬೀತು ಮಾಡುವುದಿಲ್ಲ. ಸುತ್ತಿನಿಂದ ಸುತ್ತಿಗೆ ಅನುಪಾತ ಎಲ್ಲಿ ನೆಲೆಗೊಳ್ಳುತ್ತದೆ ಎಂಬುದನ್ನು ನೋಡಬೇಕು.

ಸುಲಭ ಪರೀಕ್ಷೆಯ ಬಲ ಮತ್ತು ಮಿತಿ

ಐಗನ್ ಮೌಲ್ಯ ಹುಡುಕುವುದು ಎರಡು ಸಾಲಿನ ಮಾತೃಕೆಗೆ ಸುಲಭ, ದೊಡ್ಡದಕ್ಕೆ ಕಷ್ಟ. ಅದಕ್ಕೊಂದು ಒಳದಾರಿಯಿದೆ. ನಮ್ಮಂತೆ ಋಣ ಸಂಖ್ಯೆಗಳಿಲ್ಲದ ಮಾತೃಕೆಯಲ್ಲಿ ಪ್ರತಿ ಕಂಬಸಾಲನ್ನೂ ಕೂಡಿ. ಎಲ್ಲ ಮೊತ್ತಗಳೂ 1ಕ್ಕಿಂತ ಕಡಿಮೆಯಿದ್ದರೆ ಶ್ರೇಣಿ ಖಂಡಿತ ಸೇರುತ್ತದೆ. ಕಾರಣ ಸರಳ: ಅತಿ ದೊಡ್ಡ ಕಂಬದ ಮೊತ್ತ 0.8 ಇದ್ದರೆ, ಪ್ರತಿ ಸುತ್ತಿನ ಒಟ್ಟು ಖರ್ಚು ಹಿಂದಿನದರ ಶೇ 80ನ್ನು ಮೀರಲಾರದು.

ಆದರೆ 20 ಮೀಟರಿನ ನಮ್ಮ ಮಾತೃಕೆ ಈ ಪರೀಕ್ಷೆಯಲ್ಲಿ ಸೋಲುತ್ತದೆ. ಮೊದಲ ಕಂಬ 0.3, ಎರಡನೆಯದು 1.3. ಆದರೂ ಶ್ರೇಣಿ ಸೇರಿದ್ದನ್ನು ನಾವೇ ಕಂಡಿದ್ದೇವೆ. ಪರೀಕ್ಷೆ ಗೆದ್ದರೆ ನಿಶ್ಚಿಂತೆ. ಸೋತರೆ ಅದರಿಂದ ಏನೂ ತಿಳಿಯುವುದಿಲ್ಲ. ಇದೇ ಮಾತೃಕೆಯನ್ನು ಬೇರೆ ಅಳತೆಯಲ್ಲಿ ಬರೆಯೋಣ. ಕಟ್ಟಿಗೆ 100 ಯೂನಿಟ್ ಬದಲು 50 ಯೂನಿಟ್ ಹಿಡಿದರೆ, ಒಂದು ಕಟ್ಟಿಗೆ ಅರ್ಧ ಟನ್ ಕಬ್ಬು ಸಾಕು. ಒಂದು ಟನ್ ಕಬ್ಬಿಗೆ 0.2 ಬದಲು 0.4 ಕಟ್ಟು ಬೇಕು.

```
| 0.1   0.5 |
| 0.4   0.3 |
```

ಈಗ ಕಂಬಗಳ ಮೊತ್ತ 0.5 ಮತ್ತು 0.8. ಪರೀಕ್ಷೆ ಗೆದ್ದಿತು. ಹೊಲ ಬದಲಾಗಲಿಲ್ಲ, ಕಾರ್ಖಾನೆ ಬದಲಾಗಲಿಲ್ಲ, ಅಳತೆಯ ಕೋಲು ಮಾತ್ರ ಬದಲಾಯಿತು. ಐಗನ್ ಮೌಲ್ಯಗಳು ಮೊದಲಿನವೇ. ಆದ್ದರಿಂದ ಕಂಬಗಳ ಮೊತ್ತ 1ನ್ನು ದಾಟಿದೆ ಎಂದ ಮಾತ್ರಕ್ಕೆ ಲೆಕ್ಕವನ್ನು ತಿರಸ್ಕರಿಸಬಾರದು.

ಮಾತೃಕೆಯೊಳಗೆ ದೊಡ್ಡ ಸಂಖ್ಯೆ ಇದ್ದರೂ ಹೆದರಬೇಕಿಲ್ಲ. ಕರೆಂಟಿಗೆ ಕಬ್ಬು ಬೇಕು, ಆದರೆ ಕಬ್ಬಿಗೆ ಕರೆಂಟೂ ಬೇಡ ಬೀಜವೂ ಬೇಡ, ಕಾರ್ಖಾನೆಯ ಸ್ವಂತ ಬಳಕೆಯೂ ಇಲ್ಲ ಎಂದುಕೊಳ್ಳಿ. ಆಗ ಕಟ್ಟಿಗೆ 5 ಟನ್ ಕಬ್ಬು ಬೇಕಿದ್ದರೂ ಲೆಕ್ಕ ಒಂದೇ ಸುತ್ತಿಗೆ ಮುಗಿಯುತ್ತದೆ, A² ಸೊನ್ನೆ. ಖರ್ಚು ತಿರುಗಿ ಬರುವ ದಾರಿ ಇದ್ದಾಗ ಮಾತ್ರ ಶ್ರೇಣಿ ಕೊನೆಯಿಲ್ಲದ್ದಾಗುತ್ತದೆ.

ಋಣ ಉತ್ತರವನ್ನು ಅಪಾಯದ ಗುರುತಾಗಿ ಬಳಸಬಹುದೇ? ಋಣ ಸಂಖ್ಯೆಗಳಿಲ್ಲದ ಮಾತೃಕೆಗಳಿಗೆ ಬಳಸಬಹುದು. ಅಂಥ ಮಾತೃಕೆಗಳಲ್ಲಿ ವಿಲೋಮದ ಎಲ್ಲ ಅಂಕಿಗಳೂ ಸೊನ್ನೆ ಅಥವಾ ಧನವಾಗಿರುವುದು ಶ್ರೇಣಿ ಸೇರಿದಾಗ ಮಾತ್ರ. ಆದರೆ A ಒಳಗೇ ಋಣ ಸಂಖ್ಯೆಗಳಿದ್ದರೆ ಈ ಗುರುತು ಕೈಕೊಡುತ್ತದೆ. A ಎಂದರೆ ಬರೀ −2 ಎಂಬ ಒಂದು ಸಂಖ್ಯೆ ಎಂದುಕೊಳ್ಳಿ. 1 − Aಯ ವಿಲೋಮ 1/3, ನೋಡಲು ಅಚ್ಚುಕಟ್ಟಾದ ಧನ ಸಂಖ್ಯೆ. ಶ್ರೇಣಿಯಾದರೋ 1 − 2 + 4 − 8 + 16 ಎಂದು ಎರಡೂ ಕಡೆಗೆ ಹಿಗ್ಗುತ್ತಾ ಹೋಗುತ್ತದೆ, ಎಲ್ಲಿಯೂ ನಿಲ್ಲುವುದಿಲ್ಲ. ಇಲ್ಲಿ ಉತ್ತರದ ಮುಖ ನೋಡಿ ಏನೂ ತಿಳಿಯದು, λ ನೋಡಲೇಬೇಕು.

ಎರಡು ನೂರು ಅಡಿಯ ಗೆರೆ ಎಲ್ಲಿಂದ ಬಂತು

63 ಮೀಟರಿನ ಗೆರೆಯನ್ನು ಬಿಡಿಸಿ ನೋಡಿದರೆ ಅದರಲ್ಲಿ ಎರಡು ಅಂಶಗಳಿವೆ: ಬೀಜ ತೆಗೆದು ಉಳಿದ ಕಬ್ಬು 0.9, ಸ್ವಂತ ಬಳಕೆ ತೆಗೆದು ಉಳಿದ ಕರೆಂಟು 0.7. ಇವುಗಳ ಗುಣಲಬ್ಧ 0.63. ಕಬ್ಬು ಮತ್ತು ಕರೆಂಟಿನ ನಡುವೆ ಒಂದು ಸುತ್ತು ಹೋಗಿಬರುವ ಖರ್ಚು ಈ ಗುಣಲಬ್ಧಕ್ಕಿಂತ ಕಡಿಮೆಯಿರಬೇಕು. ಡೇವಿಡ್ ಹಾಕಿನ್ಸ್ ಮತ್ತು ಹರ್ಬರ್ಟ್ ಸೈಮನ್ 1949ರಲ್ಲಿ ಎಷ್ಟೇ ಉದ್ಯಮಗಳಿರುವ ಕೋಷ್ಟಕಕ್ಕೂ ಹೊಂದುವಂತೆ ಕೊಟ್ಟ ಷರತ್ತು ಎರಡು ಉದ್ಯಮಗಳಿಗೆ ಇಳಿದಾಗ ಹೀಗೇ ಕಾಣುತ್ತದೆ.

ಗೆರೆಯನ್ನು ಎಲ್ಲಿ ತಳ್ಳಬಹುದು ಎಂಬುದೂ ಇದರಿಂದ ತಿಳಿಯುತ್ತದೆ. ಒಮ್ಮೆ ನಾಟಿ ಮಾಡಿ ಎರಡು ಕುಳೆ ಬೆಳೆ ತೆಗೆದರೆ ಬೀಜದ ಪಾಲು ಮೂರು ಬೆಳೆಗಳಿಗೆ ಹಂಚಿಹೋಗಿ 0.033 ಆಗುತ್ತದೆ, ಇಳುವರಿ ಅಷ್ಟೇ ಉಳಿದರೆ ಗೆರೆ 63ರಿಂದ ಸುಮಾರು 68 ಮೀಟರಿಗೆ ಸರಿಯುತ್ತದೆ. ಕಾರ್ಖಾನೆಯ ಸ್ವಂತ ಬಳಕೆ ಶೇ 30ರಿಂದ 20ಕ್ಕೆ ಇಳಿದರೆ 72 ಮೀಟರ್. ಹನಿ ನೀರಾವರಿಯಿಂದ ಎತ್ತುವ ನೀರಿನಲ್ಲಿ ಮೂರನೇ ಒಂದು ಪಾಲು ಉಳಿತಾಯವಾದರೆ ಗೆರೆ 94 ಮೀಟರ್ ದಾಟುತ್ತದೆ, ಏಕೆಂದರೆ ಆಗ ಪ್ರತಿ ಮೀಟರಿನ ಖರ್ಚೇ ಕಡಿಮೆಯಾಗಿರುತ್ತದೆ. 80 ಮೀಟರಿನಲ್ಲಿ −588 ಟನ್ ಎಂದಿದ್ದ ಉತ್ತರ, ಹನಿ ನೀರಾವರಿಯಲ್ಲಿ ಸುಮಾರು 1,000 ಟನ್ ಎಂದು ಬರುತ್ತದೆ. ಈಗ ಅದು ನಿಜವಾದ ಕೂಡಿಕೆಯ ಉತ್ತರ.

ಈ ಲೆಕ್ಕ ಒಂದು ಕಡೆ ಬಹಳ ಕಟುವಾಗಿದೆ ಎಂಬುದನ್ನೂ ಹೇಳಬೇಕು. ನುರಿಸಿದ ಕಬ್ಬಿನಿಂದ ಬರುವುದು ಕರೆಂಟೊಂದೇ ಅಲ್ಲ; ಸಕ್ಕರೆ, ಕಾಕಂಬಿ, ಎಥೆನಾಲ್ ಎಲ್ಲವೂ ಬರುತ್ತವೆ. ನಾವು ಇಡೀ ಕಬ್ಬನ್ನು ಕರೆಂಟಿನ ಖಾತೆಗೆ ಬರೆದೆವು. ಅರ್ಧವನ್ನು ಮಾತ್ರ ಕರೆಂಟಿಗೆ, ಉಳಿದರ್ಧವನ್ನು ಸಕ್ಕರೆಗೆ ಬರೆದರೆ ಗೆರೆ ಒಮ್ಮೆಲೇ ಇಮ್ಮಡಿಯಾಗಿ 126 ಮೀಟರಿಗೆ ಹೋಗುತ್ತದೆ. ಪಾಲು ಎಷ್ಟು ಎಂಬುದನ್ನು ಗಣಿತ ಹೇಳುವುದಿಲ್ಲ, ಲೆಕ್ಕ ಬರೆಯುವವರು ತೀರ್ಮಾನಿಸುತ್ತಾರೆ. ವಾಸ್ತವದಲ್ಲಿ ಪಂಪ್‌ಸೆಟ್ಟಿಗೆ ಬರುವ ಕರೆಂಟು ಕಬ್ಬಿನ ಸಿಪ್ಪೆಯದ್ದೇ ಆಗಿರಬೇಕಿಲ್ಲ. ಆಲಮೇಲ ಇರುವ ಜಿಲ್ಲೆಯಲ್ಲೇ ಆಲಮಟ್ಟಿಯ 290 ಮೆಗಾವಾಟ್ ಜಲವಿದ್ಯುತ್ತಿದೆ, ಕೂಡಗಿಯ 2,400 ಮೆಗಾವಾಟ್ ಕಲ್ಲಿದ್ದಲ ಸ್ಥಾವರವಿದೆ. ಅದಕ್ಕಾಗಿಯೇ 80 ಮೀಟರಿನ ನೀರಿನಲ್ಲೂ ಕಬ್ಬು ಬೆಳೆಯುತ್ತದೆ: ಸುತ್ತಿನ ಕೊರತೆಯನ್ನು ಹೊರಗಿನ ನದಿಯೋ ಕಲ್ಲಿದ್ದಲೋ ತುಂಬುತ್ತದೆ. ಕಬ್ಬು ಮತ್ತು ಕರೆಂಟು ಹೊರಗಿನ ನೆರವಿಲ್ಲದೆ ತಮ್ಮ ಕಾಲ ಮೇಲೆ ನಿಲ್ಲಬಲ್ಲವೇ ಎಂಬ ಪ್ರಶ್ನೆಗೆ ಮಾತ್ರ ನಮ್ಮ ಮಾತೃಕೆ ಉತ್ತರಿಸುತ್ತದೆ.

ಹೀಗಾಗಿ ಇಂಥ ಲೆಕ್ಕ ಕೈಗೆ ಬಂದಾಗ ವಿಲೋಮ ತೆಗೆಯುವ ಮುನ್ನ ಒಂದು ಕೆಲಸ ಮಾಡಬೇಕು. ಕಂಬಸಾಲುಗಳನ್ನು ಕೂಡಿ ನೋಡಿ. ಎಲ್ಲವೂ ಒಂದಕ್ಕಿಂತ ಕಡಿಮೆಯಿದ್ದರೆ ಮುಂದೆ ಹೋಗಿ. ಇಲ್ಲದಿದ್ದರೆ ಅಳತೆ ಬದಲಿಸಿ ನೋಡಿ. ಅದೂ ಆಗದಿದ್ದರೆ ಬೇಡಿಕೆಯನ್ನು ಹತ್ತಿಪ್ಪತ್ತು ಸಲ ಮಾತೃಕೆಯಿಂದ ಗುಣಿಸಿ, ಸುತ್ತಿನಿಂದ ಸುತ್ತಿಗೆ ಅನುಪಾತ ಎಲ್ಲಿ ನೆಲೆಗೊಳ್ಳುತ್ತದೆ ಎಂದು ನೋಡಿ. ಅದು 0.66 ಆದರೆ ಕೂಡಿಕೆಯೂ ವಿಲೋಮವೂ ಒಂದೇ. 0.98 ಆದರೆ ಒಂದೇ ಹೌದು, ಆದರೆ ಮೂಲ ಅಂಕಿಗಳನ್ನು ಮತ್ತೊಮ್ಮೆ ಅಳೆಯದೆ ಆ ಉತ್ತರದ ಮೇಲೆ ಯೋಜನೆ ಹೂಡಬಾರದು. 1.1 ಆದರೆ ಯಂತ್ರ ಕೊಟ್ಟ ವಿಲೋಮ ಎಷ್ಟು ದಶಾಂಶ ಸ್ಥಾನಗಳವರೆಗೆ ಸರಿಯಿದ್ದರೂ ಅದು ನೀವು ಕೇಳಿದ ಪ್ರಶ್ನೆಯ ಉತ್ತರವಲ್ಲ; ಬದಲಾಗಬೇಕಾದದ್ದು ಸೂತ್ರವಲ್ಲ, ಎತ್ತುವ ನೀರು.